ಇಪ್ಪತ್ತೈದರ ಹುಡುಗರ ಪಕ್ಕದಲ್ಲಿ ನಲವತ್ತರ ಹೊಸಬರು: ಮೊದಲ ಮೂರು ತಿಂಗಳು ದಾಟುವುದು ಹೇಗೆ?

ಕ್ಷೇತ್ರ ಬದಲಾಯಿಸಿದವರಿಗೆ ಕೆಲಸ ಹುಡುಕುವಾಗ ಇರುವ ಭಯ ಬೇರೆ, ಕೆಲಸ ಸಿಕ್ಕ ಮೇಲಿನ ಭಯ ಬೇರೆ. ಎರಡನೆಯದು ಸಾಮಾನ್ಯವಾಗಿ ಸೇರಿದ ಎರಡನೇ ವಾರ ಶುರುವಾಗುತ್ತದೆ. ಲ್ಯಾಪ್‌ಟಾಪ್ ಬಂದಿರುತ್ತದೆ, ಐಡಿ ಕಾರ್ಡ್ ಬಂದಿರುತ್ತದೆ, ಪಕ್ಕದಲ್ಲಿ ಕೂತ ಇಪ್ಪತ್ನಾಲ್ಕರ ಹುಡುಗಿ ಮೌಸ್ ಮುಟ್ಟದೆ ಟಕಟಕ ಕೆಲಸ ಮುಗಿಸುತ್ತಿರುತ್ತಾಳೆ. ಅಲ್ಲಿಂದ ಶುರು: ನಾನು ತುಂಬಾ ಹಿಂದಿದ್ದೀನಿ, ಇವರಿಗೆಲ್ಲ ಗೊತ್ತಾಗಿಬಿಡುತ್ತೆ.

ಬೆಂಗಳೂರಲ್ಲಿ ಇಂಥವರು ಈಗ ಜಾಸ್ತಿ ಸಿಗುತ್ತಾರೆ. ಲೆಕ್ಚರರ್ ಆಗಿದ್ದವರು ಟೆಸ್ಟಿಂಗ್‌ಗೆ ಬಂದಿರುತ್ತಾರೆ, ಬ್ಯಾಂಕಿನಲ್ಲಿದ್ದವರು ಪ್ರಾಡಕ್ಟ್ ಕೆಲಸಕ್ಕೆ ಬಂದಿರುತ್ತಾರೆ. ನಾನು ಹತ್ತಿರದಿಂದ ನೋಡಿರುವುದು ಅಕೌಂಟ್ಸ್‌ನಿಂದ ಡೇಟಾ ಅನಾಲಿಸಿಸ್‌ಗೆ ಬಂದವರನ್ನು. ಹಾಗಾಗಿ ಇಲ್ಲಿ ಅದನ್ನೇ ಹಿಡಿದು ಹೇಳುತ್ತೇನೆ. ಉದಾಹರಣೆಗೆ ನಮ್ಮ ತಂಡಕ್ಕೆ ಬಂದ ಒಬ್ಬರನ್ನು ತೆಗೆದುಕೊಳ್ಳೋಣ. ವಯಸ್ಸು ನಲವತ್ತು. ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ವರ್ಷಗಟ್ಟಲೆ ಲೆಕ್ಕಪತ್ರ ನೋಡಿಕೊಂಡವರು. ಮನೆ ವಿಜಯನಗರ, ಹೊಸ ಆಫೀಸು ವೈಟ್‌ಫೀಲ್ಡ್. ಅವರ ಲೀಡ್‌ಗೆ ಇಪ್ಪತ್ತೆಂಟು.

1. "ಹಿಂದಿದ್ದೀನಿ" ಅನ್ನುವುದನ್ನು ಬಿಡಿಸಿ ಬರೆಯಿರಿ

"ನನಗೆ ಏನೂ ಗೊತ್ತಿಲ್ಲ" ಅನ್ನುವುದಕ್ಕೆ ಯಾರೂ ಏನೂ ಮಾಡಲಾಗುವುದಿಲ್ಲ. "`staging` ಟೇಬಲ್ ಅಂದರೇನು ಗೊತ್ತಿಲ್ಲ" ಅಂದರೆ ಐದು ನಿಮಿಷದ ಕೆಲಸ. ಆದ್ದರಿಂದ ಮೊದಲ ಎರಡು ವಾರ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಮೀಟಿಂಗ್‌ನಲ್ಲಿ, ಚಾಟ್‌ನಲ್ಲಿ ಅರ್ಥವಾಗದೆ ಹೋದ ಪ್ರತಿ ಮಾತನ್ನೂ ಹಾಗೇ ಬರೆಯಿರಿ. ಆಗಲೇ ಹುಡುಕಲು ಹೋಗಬೇಡಿ, ಮೀಟಿಂಗ್ ತಪ್ಪಿಹೋಗುತ್ತದೆ.

ಎರಡು ವಾರದ ಕೊನೆಗೆ ಪಟ್ಟಿಯನ್ನು ಮೂರು ಭಾಗ ಮಾಡಿ. ಮೊದಲನೆಯದು, ಈ ಕಂಪನಿಯ ಒಳಗೆ ಮಾತ್ರ ಓಡಾಡುವ ಹೆಸರುಗಳು: ಟೇಬಲ್‌ಗಳ ಹೆಸರು, ಹಳೆ ಪ್ರಾಜೆಕ್ಟ್‌ಗಳ ಅಡ್ಡಹೆಸರು, ರಿಪೋರ್ಟ್‌ಗಳ ಸಂಕ್ಷೇಪ. ಎರಡನೆಯದು, ಈ ಕೆಲಸದ ಸಾಮಾನ್ಯ ಉಪಕರಣ ಮತ್ತು ಪದಗಳು: ಎಸ್‌ಕ್ಯೂಎಲ್, ಗಿಟ್, ಸ್ಪ್ರಿಂಟ್, ಡ್ಯಾಶ್‌ಬೋರ್ಡ್. ಮೂರನೆಯದು, ವರ್ಷಗಳ ಅಭ್ಯಾಸದಿಂದ ಮಾತ್ರ ಬರುವಂಥದ್ದು: ದೊಡ್ಡ ಕ್ವೆರಿ ಯಾಕೆ ನಿಧಾನ ಅಂತ ನೋಡಿದ ತಕ್ಷಣ ಹೇಳುವುದು, ಹೊಸ ಡೇಟಾ ಮಾಡೆಲ್ ಕಟ್ಟುವುದು.

ಪೀಣ್ಯದಿಂದ ಬಂದ ನಮ್ಮವರು ಹೀಗೆ ಮಾಡಿದಾಗ ಪಟ್ಟಿಯ ಹತ್ತಿರ ಹತ್ತಿರ ಅರ್ಧ ಮೊದಲನೇ ಭಾಗಕ್ಕೆ ಹೋಯಿತು. ಅಂದರೆ ಅದು ವಯಸ್ಸಿನ ವಿಷಯವೂ ಅಲ್ಲ, ಕ್ಷೇತ್ರದ ವಿಷಯವೂ ಅಲ್ಲ. ಇದೇ ಕೆಲಸದಲ್ಲಿ ಆರು ವರ್ಷ ಪಳಗಿದವರು ಬೇರೆ ಕಂಪನಿಯಿಂದ ಬಂದರೂ ಮೊದಲ ದಿನ ಅದೇ ಪ್ರಶ್ನೆ ಕೇಳುತ್ತಾರೆ. ಅವರು ಹಲ್ಲು ಕಿರಿದು ಕೇಳಿಬಿಡುತ್ತಾರೆ, ನೀವು ಕೇಳುವುದಿಲ್ಲ, ಅಷ್ಟೇ ವ್ಯತ್ಯಾಸ. ಈ ಭಾಗವನ್ನು ಲೀಡ್ ಜೊತೆ ಅರ್ಧ ಗಂಟೆ ಕೂತು ಒಂದೇ ಸಲಕ್ಕೆ ಮುಗಿಸಿಬಿಡಿ.

ಮೂರನೇ ಭಾಗವನ್ನು ಆರು ತಿಂಗಳು ಮುಟ್ಟಬೇಡಿ. ಅದನ್ನು ನಿಮ್ಮಿಂದ ಯಾರೂ ಈಗ ನಿರೀಕ್ಷಿಸುತ್ತಿಲ್ಲ. ಉಳಿದದ್ದು ಎರಡನೇ ಭಾಗ. ನಿಮ್ಮ ನಿಜವಾದ ಕೆಲಸ ಅದೊಂದೇ.

2. ಗೊತ್ತಿರುವುದರಿಂದ ಹೊಸದಕ್ಕೆ ಹೋಗಿ, ಆದರೆ ಎಲ್ಲಿ ಕೈಕೊಡುತ್ತದೆ ಅಂತಲೂ ನೋಡಿ

ಭಯ ಆದಾಗ ಎಲ್ಲರೂ ಮಾಡುವುದು ಒಂದೇ. ರಾತ್ರಿ ಹತ್ತಕ್ಕೆ ಕೂತು ಮೂರು ಕೋರ್ಸ್ ಕೊಂಡುಕೊಳ್ಳುತ್ತಾರೆ. ಪೈಥಾನ್ ಒಂದು, ಮಷಿನ್ ಲರ್ನಿಂಗ್ ಒಂದು, ಇನ್ನೇನೋ ಒಂದು. ಮೂರರಲ್ಲೂ ಎರಡನೇ ಪಾಠ ದಾಟುವುದಿಲ್ಲ. ಆಫೀಸಿನಲ್ಲಿ ದಿನಾ ಬೇಕಾಗುವುದು ಮಾತ್ರ ಹಾಗೇ ಉಳಿದಿರುತ್ತದೆ.

ಡೇಟಾ ಅನಾಲಿಸ್ಟ್‌ಗೆ ಮೊದಲ ಮೂರು ತಿಂಗಳಿಗೆ ಎಸ್‌ಕ್ಯೂಎಲ್ ಸಾಕು, ಅಂದರೆ ಡೇಟಾಬೇಸ್‌ನಿಂದ ಬೇಕಾದ ಮಾಹಿತಿ ಕೇಳುವ ಭಾಷೆ. ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್‌ನಲ್ಲಿ `git pull`, `git checkout -b`, `git add`, `git commit`, `git push -u origin HEAD` ಈ ಐದು ಬಂದರೆ ದಿನ ಕಳೆಯುತ್ತದೆ. ಇವನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರ್ ಕೆಳಗೆ ಅಂಟಿಸಿಕೊಳ್ಳಿ. ನಾಚಿಕೆ ಪಡುವಂಥದ್ದೇನಿಲ್ಲ. ಹುಡುಗರೂ ಹುಡುಕಿಕೊಂಡೇ ಟೈಪ್ ಮಾಡುತ್ತಾರೆ, ಅವರ ಚೀಟಿ ಬೇರೆ ಟ್ಯಾಬ್‌ನಲ್ಲಿ ಇರುತ್ತದೆ ಅಷ್ಟೇ.

ಅಕೌಂಟ್ಸ್‌ನಿಂದ ಬಂದವರಿಗೆ ಎಕ್ಸೆಲ್ ಕರಗತ. ಪಿವಟ್ ಟೇಬಲ್ ಗೊತ್ತಿದ್ದರೆ `GROUP BY` ಅರ್ಧ ಗೊತ್ತಿದ್ದಂತೆ. ಫಿಲ್ಟರ್ ಗೊತ್ತಿದ್ದರೆ `WHERE` ಗೊತ್ತಿದ್ದಂತೆ. `VLOOKUP` ಗೊತ್ತಿದ್ದರೆ `JOIN` ಅರ್ಥವಾಗುತ್ತದೆ, ಆದರೆ ಇಲ್ಲೇ ಒಂದು ಗುಂಡಿ ಇದೆ. `VLOOKUP` ಮೊದಲು ಸಿಕ್ಕಿದ ಒಂದನ್ನೇ ತಂದುಕೊಡುತ್ತದೆ. ಸಾಲುಗಳ ಸಂಖ್ಯೆ ಯಾವತ್ತೂ ಹೆಚ್ಚಾಗುವುದಿಲ್ಲ. `JOIN` ಹಾಗಲ್ಲ, ಹೊಂದಿಕೆಯಾಗುವ ಎಲ್ಲವನ್ನೂ ತರುತ್ತದೆ. ಒಂದು ಬಿಲ್ಲಿಗೆ ಎರಡು ಪೇಮೆಂಟ್ ಇದ್ದರೆ ಆ ಬಿಲ್ಲು ಎರಡು ಸಾಲಾಗುತ್ತದೆ.

ಇದು ಹೇಗೆ ಕಾಡುತ್ತದೆ ನೋಡಿ. ಮೂರು ಬಿಲ್ಲು ಇದೆ ಅಂದುಕೊಳ್ಳಿ. ಮೊದಲನೆಯದು 50,000 ರೂಪಾಯಿ, ಎರಡನೆಯದು 30,000, ಮೂರನೆಯದು 20,000. ಒಟ್ಟು ಒಂದು ಲಕ್ಷ. ಮೊದಲ ಬಿಲ್ಲಿನ ಹಣ ಎರಡು ಕಂತಿನಲ್ಲಿ ಬಂದಿದೆ, 30,000 ಮತ್ತು 20,000. ಎರಡನೆಯದು ಪೂರ್ತಿ ಬಂದಿದೆ. ಮೂರನೆಯದು ಬಂದೇ ಇಲ್ಲ. ಈಗ ಹೀಗೆ ಬರೆದರೆ:

```sql
SELECT SUM(i.amount)
FROM invoices i
LEFT JOIN payments p
  ON p.invoice_no = i.invoice_no;
```

ಉತ್ತರ 1,50,000 ಬರುತ್ತದೆ. ಮೊದಲ ಬಿಲ್ಲು ಎರಡು ಸಲ ಕೂಡಿಕೊಂಡಿದೆ. ಎರರ್ ಬರುವುದಿಲ್ಲ, ಕೆಂಪು ಗೆರೆ ಬರುವುದಿಲ್ಲ. ಕಂಪ್ಯೂಟರ್ ತಣ್ಣಗೆ ತಪ್ಪು ಉತ್ತರ ಕೊಡುತ್ತದೆ. ಸರಿ ಮಾಡಲು ಪೇಮೆಂಟ್‌ಗಳನ್ನು ಮೊದಲು ಬಿಲ್ಲಿಗೊಂದರಂತೆ ಕೂಡಿಸಿಕೊಳ್ಳಬೇಕು, ಆಮೇಲೆ ಜೋಡಿಸಬೇಕು:

```sql
SELECT SUM(i.amount), SUM(p.paid)
FROM invoices i
LEFT JOIN (
  SELECT invoice_no, SUM(paid) AS paid
  FROM payments
  GROUP BY invoice_no
) p ON p.invoice_no = i.invoice_no;
```

ಈಗ ಒಂದು ಲಕ್ಷ ಮತ್ತು 80,000. ಬಾಕಿ 20,000. ಲೆಕ್ಕ ಕೂಡಿತು.

ಪ್ರತಿ `JOIN`ಗೆ ಮುಂಚೆ ಒಂದು ಸಲ, ಆದ ಮೇಲೆ ಒಂದು ಸಲ `COUNT(*)` ಹಾಕಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಸಾಲು ಹೆಚ್ಚಾಗಿದ್ದರೆ ಯಾಕೆ ಅಂತ ಕೇಳಿಕೊಳ್ಳಿ. ಈ ಒಂದು ಅಭ್ಯಾಸ ಹೊಸಬರ ಬಹಳಷ್ಟು ತಪ್ಪನ್ನು ರಿವ್ಯೂಗೆ ಹೋಗುವ ಮುಂಚೆಯೇ ಹಿಡಿಯುತ್ತದೆ.

3. ಸಿಕ್ಕಿಹಾಕಿಕೊಂಡಾಗ: ಅರ್ಧ ಗಂಟೆ, ಆಮೇಲೆ ಮೂರು ಸಾಲು

ಹೊಸ ಕ್ಷೇತ್ರಕ್ಕೆ ಬಂದ ದೊಡ್ಡವರು ಸೋಲುವುದು ಗೊತ್ತಿಲ್ಲದ್ದಕ್ಕಲ್ಲ. ಗೊತ್ತಿಲ್ಲ ಅಂತ ಮುಚ್ಚಿಟ್ಟು ಒಂದಿಡೀ ದಿನ ಕೂತುಬಿಡುವುದಕ್ಕೆ. ಬೆಳಗಿನ ಸ್ಟ್ಯಾಂಡಪ್ ಮೀಟಿಂಗ್‌ನಲ್ಲಿ "ಮಾಡ್ತಾ ಇದ್ದೀನಿ" ಅಂತಾರೆ. ಮರುದಿನವೂ ಅದೇ. ಮೂರನೇ ದಿನ ಲೀಡ್‌ಗೆ ಅನುಮಾನ ಬರುತ್ತದೆ. ಈ ಅನುಮಾನವೇ ಅಪಾಯದ್ದು, ಪ್ರಶ್ನೆ ಅಲ್ಲ.

ಒಂದು ಅಳತೆ ಇಟ್ಟುಕೊಳ್ಳಿ. ಒಂದೇ ಕಡೆ ಅರ್ಧ ಗಂಟೆ ಸಿಕ್ಕಿಕೊಂಡರೆ ಕೇಳಬೇಕು. ಆದರೆ "ಇದು ಬರ್ತಾ ಇಲ್ಲ, ಸ್ವಲ್ಪ ನೋಡ್ತೀರಾ?" ಅಂತ ಕೇಳಬೇಡಿ. ಅದಕ್ಕೆ ಉತ್ತರ ಕೊಡಲು ಎದುರಿನವರು ಎದ್ದು ಬರಬೇಕು. ಮೂರು ಸಾಲು ಬರೆಯಿರಿ: ಏನು ಬೇಕು, ಏನು ಮಾಡಿದೆ, ಏನು ಬಂತು. ಹೀಗೆ:

"ಮಾರ್ಚ್ ತಿಂಗಳ ಬಾಕಿ ಬಿಲ್ಲುಗಳ ಮೊತ್ತ ಬೇಕು. `invoices` ಮತ್ತು `payments` ಜೋಡಿಸಿದೆ. ಮೊತ್ತ ಬಿಲ್ ರಿಜಿಸ್ಟರ್‌ಗಿಂತ ಜಾಸ್ತಿ ಬರ್ತಿದೆ, ಸಾಲುಗಳೂ ಹೆಚ್ಚಾಗಿವೆ. ಕ್ವೆರಿ ಕೆಳಗಿದೆ."

ಇಂಥ ಪ್ರಶ್ನೆಗೆ ಎರಡು ನಿಮಿಷದಲ್ಲಿ ಉತ್ತರ ಬರುತ್ತದೆ. ಎಷ್ಟೋ ಸಲ ಮೂರನೇ ಸಾಲು ಬರೆಯುತ್ತಿರುವಾಗಲೇ ಉತ್ತರ ನಿಮಗೇ ಹೊಳೆಯುತ್ತದೆ. ಆಗ ಮೆಸೇಜ್ ಅಳಿಸಿಬಿಡಿ.

ಉತ್ತರ ಸಿಕ್ಕಿದ ಕೂಡಲೇ ನೋಟ್‌ಬುಕ್‌ಗೆ ಹಾಕಿ. ಒಂದೇ ಪ್ರಶ್ನೆ ಎರಡನೇ ಸಲ ಕೇಳಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಮೂರನೇ ಸಲ ಕೇಳಿದರೆ ಅಂದುಕೊಳ್ಳುತ್ತಾರೆ, ಅದು ಸಹಜ.

ಎಲ್ಲರೂ ನನ್ನನ್ನೇ ನೋಡ್ತಾರೆ ಅನ್ನುವ ಭಾವನೆ ಬಗ್ಗೆ ಒಂದು ಮಾತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು ಮಾಡಿದ ಒಂದು ಪ್ರಯೋಗ 2000ದಲ್ಲಿ ಪ್ರಕಟವಾಯಿತು. ಹಾಕಿಕೊಳ್ಳಲು ಮುಜುಗರ ಆಗುವಂಥ ಟೀ ಶರ್ಟ್ ಒಂದನ್ನು ವಿದ್ಯಾರ್ಥಿಗೆ ತೊಡಿಸಿ, ಬೇರೆಯವರು ಕೂತಿರುವ ಕೋಣೆಗೆ ಕಳಿಸಿದರು. ಹೊರಗೆ ಬಂದ ಮೇಲೆ ಎಷ್ಟು ಜನ ಗಮನಿಸಿರಬಹುದು ಅಂತ ಕೇಳಿದರು. ಹತ್ತಿರ ಹತ್ತಿರ ಅರ್ಧ ಜನ ಅಂತ ಅವರ ಅಂದಾಜು. ನಿಜವಾಗಿ ಗಮನಿಸಿದವರು ಸುಮಾರು ಕಾಲು ಭಾಗ. ನಮ್ಮ ತಪ್ಪು ನಮಗೆ ಕಾಣುವಷ್ಟು ದೊಡ್ಡದಾಗಿ ಪಕ್ಕದವರಿಗೆ ಕಾಣುವುದಿಲ್ಲ. ಅವರಿಗೆ ಅವರ ಪಾಲಿನ ಕೆಲಸ ಮುಗಿದರೆ ಸಾಕಾಗಿರುತ್ತದೆ.

4. ಅರ್ಧ ಆದ ಕೆಲಸವನ್ನು ತೋರಿಸಿ

ಫ್ಯಾಕ್ಟರಿ ಅಕೌಂಟ್ಸ್‌ನಲ್ಲಿ ಅರ್ಧ ಆದ ಲೆಕ್ಕವನ್ನು ಯಾರಿಗೂ ತೋರಿಸುವುದಿಲ್ಲ. ಆಡಿಟರ್ ಮುಂದೆ ಇಡುವಾಗ ಎಲ್ಲ ಕೂಡಿರಬೇಕು. ಆ ಶಿಸ್ತು ಅಲ್ಲಿಗೆ ಸರಿ. ಇಲ್ಲಿ ಅದೇ ಶಿಸ್ತು ಕಾಲಿಗೆ ತೊಡರುತ್ತದೆ. ನಮ್ಮವರು ಮೊದಲ ರಿಪೋರ್ಟನ್ನು ವಾರವಿಡೀ ಇಟ್ಟುಕೊಂಡು, ಬಣ್ಣ ಹೊಂದಿಸಿ, ತಲೆಬರಹ ತಿದ್ದಿ, ಶುಕ್ರವಾರ ಸಂಜೆ ರಿವ್ಯೂಗೆ ಹಾಕಿದರು. ಒಂದು ಪುಟ ತುಂಬ ಕಾಮೆಂಟ್ ಬಂತು. ಮೊದಲ ಕಾಮೆಂಟೇ "ಈ ಟೇಬಲ್ ಹಳೆಯದು, ಹೊಸದು ಬಳಸಿ" ಅಂತ. ಅಂದರೆ ಸೋಮವಾರ ಹತ್ತು ನಿಮಿಷ ತೋರಿಸಿದ್ದರೆ ವಾರ ಉಳಿಯುತ್ತಿತ್ತು. ಶನಿವಾರವೆಲ್ಲ ಅವರು ಬೇಜಾರಿನಲ್ಲಿದ್ದರಂತೆ. ಕೆಲಸ ಬಿಡುವ ಯೋಚನೆಯೂ ಬಂತಂತೆ.

ಸೋಮವಾರ ನಾವಿಬ್ಬರೂ ಕೂತು ಆ ಕಾಮೆಂಟ್‌ಗಳನ್ನು ಗುಂಪು ಮಾಡಿದೆವು. ಹೆಚ್ಚಿನವು ಬರೆಯುವ ರೀತಿ ಬಗ್ಗೆ: ಕಾಲಂಗೆ ಹೆಸರಿಡುವುದು, ಸಾಲು ಒಳಗೆ ಸರಿಸುವುದು. ರಿವ್ಯೂ ಮಾಡಿದವರು ಒಂದೇ ಮಾತನ್ನು ಹಲವು ಕಡೆ ಬರೆದಿದ್ದರು. ಕೆಲವು ನಿಜವಾಗಿ ಪ್ರಶ್ನೆಗಳು, ತಪ್ಪು ಅಂತಲ್ಲ. ಉತ್ತರವನ್ನೇ ಬದಲಿಸುವ ತಪ್ಪು ಇದ್ದದ್ದು ಎರಡು. ಒಂದು ಹಳೆ ಟೇಬಲ್, ಇನ್ನೊಂದು ರದ್ದಾದ ಬಿಲ್ಲುಗಳನ್ನು ತೆಗೆಯದೆ ಇದ್ದದ್ದು.

ನೀವೂ ಹೀಗೇ ಮಾಡಿ. ಕಾಮೆಂಟ್ ಎಣಿಸಬೇಡಿ, ಯಾವ ಬಗೆಯದು ಅಂತ ನೋಡಿ. ಉತ್ತರ ಬದಲಿಸುವ ತಪ್ಪುಗಳು ತಿಂಗಳಿಂದ ತಿಂಗಳಿಗೆ ಕಡಿಮೆಯಾಗುತ್ತಿವೆಯಾ ಅನ್ನುವುದೊಂದೇ ನೋಡಬೇಕಾದದ್ದು. ಮತ್ತೆ, ದೊಡ್ಡ ಕೆಲಸ ಬಂದಾಗ ಮೊದಲ ದಿನವೇ ಲೀಡ್‌ಗೆ ಎರಡು ವಿಷಯ ತೋರಿಸಿ: ಯಾವ ಟೇಬಲ್ ಬಳಸುತ್ತೇನೆ, ಕೊನೆಯ ಉತ್ತರ ಯಾವ ರೂಪದಲ್ಲಿ ಬರುತ್ತದೆ. ಇನ್ನೂ ಒಂದು ಸಾಲು ಕ್ವೆರಿ ಬರೆದಿಲ್ಲದಿದ್ದರೂ ಪರವಾಗಿಲ್ಲ.

5. ವೇಗ

ಹುಡುಗರು ವೇಗವಾಗಿದ್ದಾರೆ. ಇದನ್ನು ಇಲ್ಲ ಅನ್ನಲು ಆಗುವುದಿಲ್ಲ. ಹೊಸ ವಿಷಯವನ್ನು ಸರಸರ ನೋಡಿ ಪ್ರತಿಕ್ರಿಯಿಸುವ ವೇಗ ಹದಿಹರೆಯದ ಕೊನೆಗೆ, ಇಪ್ಪತ್ತರ ಆಸುಪಾಸಿನಲ್ಲಿ ತುದಿ ಮುಟ್ಟುತ್ತದೆ ಅಂತ ಅಧ್ಯಯನಗಳು ಹೇಳುತ್ತವೆ. ಪದಸಂಪತ್ತು, ಕೂಡಿಟ್ಟ ತಿಳಿವಳಿಕೆ ಅದಾದ ಎಷ್ಟೋ ವರ್ಷ ಬೆಳೆಯುತ್ತಲೇ ಇರುತ್ತವೆ. ಆದರೆ ಆಫೀಸಿನಲ್ಲಿ ನಿಮಗೆ ಕಾಣುವ ವೇಗದಲ್ಲಿ ಹೆಚ್ಚಿನ ಪಾಲು ವಯಸ್ಸಿನದ್ದಲ್ಲ, ಶಾರ್ಟ್‌ಕಟ್ ಕೀಗಳದ್ದು ಮತ್ತು ಹಳೆ ಕ್ವೆರಿ ಎಲ್ಲಿದೆ ಅಂತ ಗೊತ್ತಿರುವುದರದ್ದು. ಎರಡೂ ಕಲಿಯಬಹುದಾದವು. ವಾರಕ್ಕೆ ಎರಡು ಶಾರ್ಟ್‌ಕಟ್ ಕಲಿಯಿರಿ, ಜಾಸ್ತಿ ಬೇಡ. ನೀವು ಬರೆದ ಪ್ರತಿ ಒಳ್ಳೆಯ ಕ್ವೆರಿಯನ್ನು ಒಂದು ಫೋಲ್ಡರ್‌ನಲ್ಲಿ ಇಡಿ, ಮೇಲೆ ಒಂದು ಸಾಲು ವಿವರಣೆ ಹಾಕಿ. ಮೂರನೇ ತಿಂಗಳ ಹೊತ್ತಿಗೆ ಹೊಸದಾಗಿ ಬರೆಯುವುದು ಕಡಿಮೆಯಾಗಿ, ಹಳೆಯದನ್ನು ತಿದ್ದುವುದು ಜಾಸ್ತಿಯಾಗುತ್ತದೆ. ಹುಡುಗರು ಮಾಡುವುದೂ ಇದನ್ನೇ.

6. ಹಳೆ ಅನುಭವವನ್ನು ಎಲ್ಲಿ ಇಳಿಸಬೇಕು?

"ನಿಮ್ಮ ಅನುಭವ ನಿಮಗೆ ಸಹಾಯಕ್ಕೆ ಬರುತ್ತೆ" ಅಂತ ಎಲ್ಲರೂ ಸಮಾಧಾನ ಹೇಳುತ್ತಾರೆ. ಎಲ್ಲಿ, ಹೇಗೆ ಅಂತ ಯಾರೂ ಹೇಳುವುದಿಲ್ಲ. ಅಕೌಂಟ್ಸ್‌ನವರಿಗೆ ಆ ಜಾಗ ಸ್ಪಷ್ಟವಾಗಿ ಇದೆ: ತಾಳೆ ನೋಡುವುದು.

ಎರಡನೇ ತಿಂಗಳು ನಮ್ಮ ತಂಡದ ಒಬ್ಬ ಹುಡುಗ ಬಾಕಿ ವಸೂಲಿಯ ಡ್ಯಾಶ್‌ಬೋರ್ಡ್ ಮಾಡಿದ. ನೋಡಲು ಚೆನ್ನಾಗಿತ್ತು, ಕ್ವೆರಿಯೂ ಅಚ್ಚುಕಟ್ಟು. ಅದರ ಪ್ರಕಾರ ತುಂಬಾ ಗ್ರಾಹಕರು ಪ್ರತಿ ಬಿಲ್ಲಿನಲ್ಲೂ ಸ್ವಲ್ಪ ಸ್ವಲ್ಪ ಬಾಕಿ ಉಳಿಸಿಕೊಂಡಿದ್ದರು. ವಸೂಲಿ ತಂಡ ಫೋನ್ ಮಾಡಲು ಪಟ್ಟಿ ರೆಡಿ ಮಾಡುತ್ತಿತ್ತು. ನಮ್ಮವರು ಪಟ್ಟಿ ನೋಡಿ, "ಇದು ಬಾಕಿ ಅಲ್ಲ ಅನ್ಸುತ್ತೆ. ಎಲ್ಲದರಲ್ಲೂ ಒಂದೇ ಶೇಕಡಾವಾರು ಉಳಿದಿದೆ. ಅವರು ಟಿಡಿಎಸ್ ಹಿಡ್ಕೊಂಡು ಪೇಮೆಂಟ್ ಮಾಡಿರ್ತಾರೆ" ಅಂದರು. ಗ್ರಾಹಕ ತೆರಿಗೆ ಕಡಿತ ಮಾಡಿ ಉಳಿದದ್ದನ್ನು ನಮಗೆ ಕೊಟ್ಟಿರುತ್ತಾನೆ, ಕಡಿತದ ಹಣ ನಮ್ಮ ಹೆಸರಿನಲ್ಲಿ ಸರ್ಕಾರಕ್ಕೆ ಹೋಗಿರುತ್ತದೆ. ಲೆಡ್ಜರ್ ಬರೆದವರಿಗೆ ಇದು ನಿತ್ಯದ ವಿಷಯ. ಹುಡುಗನಿಗೆ ಯಾರೂ ಹೇಳಿರಲಿಲ್ಲ. ಪಟ್ಟಿ ಗಣನೀಯವಾಗಿ ಚಿಕ್ಕದಾಯಿತು.

ಇದರಲ್ಲಿ ಗಮನಿಸಬೇಕಾದದ್ದು ಅವರು ಹೇಳಿದ ರೀತಿ. "ನಮ್ಮ ಫ್ಯಾಕ್ಟರಿಯಲ್ಲಿ ಹೀಗೆಲ್ಲ ಮಾಡ್ತಿರಲಿಲ್ಲ" ಅನ್ನಲಿಲ್ಲ. ಆ ಮಾತು ಕೇಳಿದರೆ ಹುಡುಗರ ಕಿವಿ ಮುಚ್ಚಿಕೊಳ್ಳುತ್ತದೆ. ಕಣ್ಣಿಗೆ ಕಂಡದ್ದು, ಅದಕ್ಕೆ ಇರಬಹುದಾದ ಕಾರಣ, ಇಷ್ಟೇ ಹೇಳಿದರು. ಆಮೇಲೆ ಹತ್ತು ಬಿಲ್ಲು ತೆಗೆದು ಇಬ್ಬರೂ ಕೂತು ಪರಿಶೀಲಿಸಿದರು.

ನೀವು ಮಾಡಬೇಕಾದ್ದು: ಹಳೆ ಕೆಲಸದಲ್ಲಿ ದಿನಾ ಎದುರಾಗುತ್ತಿದ್ದ ಐದಾರು ವಿಶೇಷ ಸಂದರ್ಭಗಳನ್ನು ಬರೆದಿಡಿ. ಅಕೌಂಟ್ಸ್‌ನವರಾದರೆ ಕ್ರೆಡಿಟ್ ನೋಟ್, ಬಿಲ್ಲಿಲ್ಲದೆ ಬಂದ ಮುಂಗಡ, ಮಾರ್ಚ್ ಕೊನೆಯ ಎಂಟ್ರಿ ಏಪ್ರಿಲ್‌ಗೆ ಬೀಳುವುದು, ಒಬ್ಬನೇ ಗ್ರಾಹಕ ಎರಡು ಹೆಸರಲ್ಲಿ ಇರುವುದು. ಯಾವ ರಿಪೋರ್ಟ್ ಬಂದರೂ ಈ ಪಟ್ಟಿ ಹಿಡಿದು ನೋಡಿ. ಟೀಚರ್ ಆಗಿದ್ದವರಿಗೆ, ನರ್ಸ್ ಆಗಿದ್ದವರಿಗೆ ಇಂಥದ್ದೇ ಬೇರೆ ಪಟ್ಟಿ ಇರುತ್ತದೆ. ಆದರೆ ಒಂದು ಮಿತಿ: ಹೊಸ ಕೆಲಸ ಹಳೆ ಕ್ಷೇತ್ರವನ್ನು ಮುಟ್ಟುವ ಕಡೆ ಮಾತ್ರ ಇದು ನಡೆಯುತ್ತದೆ. ವಿಡಿಯೊ ಗೇಮ್ ಕಂಪನಿಯಲ್ಲಿ ಟಿಡಿಎಸ್ ಜ್ಞಾನಕ್ಕೆ ಅಷ್ಟು ಬೆಲೆ ಇಲ್ಲ. ಹಾಗಾಗಿ ಕೆಲಸ ಆರಿಸಿಕೊಳ್ಳುವಾಗಲೇ ಬಿಲ್ಲಿಂಗ್, ಸಾಲ, ವಿಮೆ, ಸರಕು ಸಾಗಣೆ ಇಂಥ ಕಡೆ ನೋಡಿದರೆ ದಾರಿ ಸುಲಭ.

7. ಕಿರಿಯರ ಜೊತೆ

ಬೆಂಗಳೂರಿನ ಐಟಿ ಆಫೀಸುಗಳಲ್ಲಿ ಹೆಸರು ಹಿಡಿದು ಕರೆಯುವುದೇ ರೂಢಿ. ಆದರೂ ನಮ್ಮ ಕಡೆಯ ಹುಡುಗರು ದೊಡ್ಡವರನ್ನು ಕಂಡರೆ "ಸರ್", "ಮೇಡಂ" ಅಂದುಬಿಡುತ್ತಾರೆ. ಮರ್ಯಾದೆಗೇ ಅನ್ನುತ್ತಾರೆ, ಆದರೆ ಮೇಡಂ ಅಂದವರ ಕ್ವೆರಿ ತಪ್ಪು ಅಂತ ಹೇಳಲು ಅವರಿಗೆ ಬಾಯಿ ಬರುವುದಿಲ್ಲ. ನಿಮಗೆ ಬೇಕಾಗಿರುವುದೇ ಆ ಮಾತು. ಮೊದಲ ವಾರವೇ "ಹೆಸರು ಹಿಡಿದೇ ಕರೀರಿ, ತಪ್ಪಿದ್ರೆ ನೇರ ಹೇಳಿ" ಅಂದುಬಿಡಿ. ನೀವೂ ಲೀಡ್‌ಗೆ "ನೀವು" ಅನ್ನಿ. ನಿಮ್ಮ ತಮ್ಮನ ವಯಸ್ಸು ಅಂತ "ಏನಪ್ಪಾ, ನೀನು" ಶುರು ಮಾಡಬೇಡಿ. ಸಲುಗೆ ಬೆಳೆದ ಮೇಲೆ ಅದು ತಾನಾಗಿಯೇ ಬರುತ್ತದೆ.

ಊಟಕ್ಕೆ ಜೊತೆಗೆ ಹೋಗಿ. ಅವರ ರೀಲ್ಸ್ ಮಾತು ಅರ್ಥವಾಗದಿದ್ದರೆ ಸುಮ್ನೆ ಕೇಳಿಸಿಕೊಳ್ಳಿ. ಹುಡುಗರ ಹಾಗೆ ಮಾತಾಡಲು ಹೋಗಬೇಡಿ, ಅದು ಇಬ್ಬರಿಗೂ ಮುಜುಗರ.

8. ಭಯ ನಿಜವೇ ಇರಬಹುದು, ಅದನ್ನೂ ಪರೀಕ್ಷಿಸಿ

ಎಲ್ಲ ಭಯವೂ ಮನಸ್ಸಿನ ಆಟ ಅಂತ ಹೇಳಲಾರೆ. ಪ್ರೊಬೇಷನ್ ಸಾಮಾನ್ಯವಾಗಿ ಮೂರು ಅಥವಾ ಆರು ತಿಂಗಳು. ಅದರ ಕೊನೆಗೆ ಅಚ್ಚರಿ ಆಗಬಾರದು ಅಂದರೆ ಮೂವತ್ತನೇ ದಿನದ ಸುಮಾರಿಗೆ ಮ್ಯಾನೇಜರ್ ಹತ್ತಿರ ಹದಿನೈದು ನಿಮಿಷ ಕೇಳಿ. "ನಾನು ಹೇಗೆ ಮಾಡ್ತಿದ್ದೀನಿ?" ಅಂತ ಕೇಳಿದರೆ "ಚೆನ್ನಾಗಿದೆ, ಮುಂದುವರೆಸಿ" ಅನ್ನುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಹೀಗೆ ಕೇಳಿ: "ಕನ್ಫರ್ಮ್ ಆಗಬೇಕಾದರೆ ಮೂರನೇ ತಿಂಗಳಿಗೆ ನಾನು ಒಬ್ಬಳೇ ಯಾವ ಕೆಲಸ ಮಾಡಲು ಬರಬೇಕು? ಅದರಲ್ಲಿ ಈಗ ಯಾವುದು ಬರುತ್ತಿಲ್ಲ?" ಉತ್ತರವನ್ನು ಬರೆದು ಅದೇ ದಿನ ಮೇಲ್ ಮಾಡಿ, "ನಾವು ಮಾತಾಡಿದ್ದು ಇದು" ಅಂತ. ಅರವತ್ತನೇ ದಿನ ಅದೇ ಮೇಲ್ ತೆಗೆದು ಮತ್ತೆ ಕೂತುಕೊಳ್ಳಿ.

ಮ್ಯಾನೇಜರ್‌ಗೆ ಈ ಪ್ರಶ್ನೆಗೆ ಉತ್ತರವೇ ಇಲ್ಲದಿದ್ದರೆ, ನಿಮ್ಮ ಕೆಲಸವನ್ನು ರಿವ್ಯೂ ಮಾಡುವವರು ಯಾರೂ ಇಲ್ಲದಿದ್ದರೆ, ವಯಸ್ಸಿನ ಬಗ್ಗೆ ತಮಾಷೆ ಪದೇಪದೇ ಬರುತ್ತಿದ್ದರೆ, ತೊಂದರೆ ನಿಮ್ಮದಲ್ಲ, ಜಾಗದ್ದು. ಕಲಿತಷ್ಟು ಕಲಿತು, ಇನ್ನೊಂದು ಕಡೆ ನೋಡಲು ಶುರು ಮಾಡಿ. ಸಂಬಳ ಕಡಿಮೆಯಾಗಿರುವುದರಿಂದ ಮನೆಯಲ್ಲಿ ಒತ್ತಡ ಇದ್ದರೆ, ಆ ಒತ್ತಡವನ್ನು "ನನಗೆ ಎಸ್‌ಕ್ಯೂಎಲ್ ಬರಲ್ಲ" ಅನ್ನುವುದರ ಜೊತೆ ಬೆರೆಸಬೇಡಿ. ಇಎಂಐ ಲೆಕ್ಕ ಬೇರೆ ಹಾಳೆಯಲ್ಲಿ ಹಾಕಿ.

ವಾರಗಟ್ಟಲೆ ನಿದ್ದೆ ಬರುತ್ತಿಲ್ಲ, ಭಾನುವಾರ ಸಂಜೆಯಿಂದಲೇ ಎದೆ ಹೊಡೆದುಕೊಳ್ಳುತ್ತದೆ ಅಂದರೆ ನೋಟ್‌ಬುಕ್ ಸಾಲದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ನೇರವಾಗಿ ಕಾಣಬೇಕು ಅಂದರೆ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ.

ನಮ್ಮವರು ಅರವತ್ತನೇ ದಿನ ಆ ಮೇಲ್ ತೆಗೆದುಕೊಂಡು ಬಂದಾಗ ಅದರಲ್ಲಿದ್ದ ನಾಲ್ಕು ಕೆಲಸಗಳಲ್ಲಿ ಮೂರು ಬರುತ್ತಿತ್ತು. ಬಾರದೆ ಇದ್ದದ್ದು ಗಿಟ್‌ನಲ್ಲಿ ಇಬ್ಬರ ಬದಲಾವಣೆ ಒಂದಕ್ಕೊಂದು ಡಿಕ್ಕಿ ಹೊಡೆದಾಗ ಬಿಡಿಸುವುದು. ಅದಕ್ಕೆ ಡ್ಯಾಶ್‌ಬೋರ್ಡ್ ಮಾಡಿದ ಆ ಹುಡುಗನ ಜೊತೆ ಗುರುವಾರ ಮಧ್ಯಾಹ್ನ ಒಂದು ಗಂಟೆ ಕೂರಿಸಿದೆವು. ಬದಲಿಗೆ ಅವನಿಗೆ ಲೆಡ್ಜರ್ ಓದಲು ಅವರು ಹೇಳಿಕೊಡಬೇಕು ಅಂತ ಮಾತಾಯಿತು.